ಒಂಬತ್ತೋ, ಹದಿನಾರೋ: ಒಂದು ಶಾಲಾ ಪ್ರಬಂಧದ ಅಂಕಗಳ ಚರಿತ್ರೆ

ವಡಗೇರಾ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರ ಕೋಣೆಯಲ್ಲಿ ಕಬ್ಬಿಣದ ಕಪಾಟಿನ ಬಾಗಿಲಿಗೆ ಒಂದು ಜೆರಾಕ್ಸ್ ಹಾಳೆ ಅಂಟಿಸಿದ್ದಾರೆ. ಅದರಲ್ಲಿ ಎಡಗಡೆ ನಾಲ್ಕು ಮಾನದಂಡಗಳು, ಮೇಲುಗಡೆ ನಾಲ್ಕು ಹಂತಗಳು, ಮನೆಮನೆಯಲ್ಲೂ ಅಂಕಗಳು. ತರಬೇತಿಯೊಂದರಲ್ಲಿ ಕೊಟ್ಟದ್ದಂತೆ. ಶಿಕ್ಷಕರು ಅದನ್ನು 'ರೂಬ್ರಿಕ್ಸ್' ಎನ್ನುತ್ತಾರೆ. ಹಾಳೆಯ ಅಂಚು ಹಳದಿಯಾಗಿದೆ, ನಡುವೆ ಚಹಾದ ಕಲೆಯಿದೆ. ನಾನು ಕಲಬುರಗಿಯಲ್ಲಿ ಈ ಭಾಗದ ಶಾಲಾ ಪರೀಕ್ಷೆಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವವನು. ಹಳೆಯ ಪ್ರಶ್ನೆಪತ್ರಿಕೆ, ಹಾಜರಿ ಪುಸ್ತಕ ಹುಡುಕಿಕೊಂಡು ಆ ಶಾಲೆಗೆ ಹೋಗಿದ್ದೆ. ಕೊನೆಗೆ ವಾರಗಟ್ಟಲೆ ನನ್ನನ್ನು ಅಲ್ಲಿ ಕೂರಿಸಿದ್ದು ಆ ಕಪಾಟಿನ ಬಾಗಿಲಿನ ಹಾಳೆ, ಮತ್ತು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಒಂದೂವರೆ ಪುಟದ ಪ್ರಬಂಧ.

ವಿಷಯ 'ನನ್ನ ಬೇಸಿಗೆ ರಜೆ'. ಹುಡುಗಿ ಪೀಠಿಕೆ ಹಾಕಿರಲಿಲ್ಲ. ಯುಗಾದಿ ಮುಗಿದ ಮರುದಿನ ಅವ್ವ, ಅಪ್ಪ, ತಮ್ಮನ ಜೊತೆ ಬೆಂಗಳೂರಿನ ಬಸ್ಸು ಹತ್ತಿದ್ದರಿಂದಲೇ ಬರಹ ಶುರುವಾಗುತ್ತಿತ್ತು. ಕಟ್ಟಡದ ಕೆಲಸಕ್ಕೆ ಗುಳೆ ಹೋದವರು. ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಕೂರಲಾಗದೆ ತಮ್ಮನನ್ನು ಕಟ್ಟಡದ ಎರಡನೇ ಮಹಡಿಯ ನೆರಳಿಗೆ ಹೊತ್ತುಕೊಂಡು ಹೋಗುತ್ತಿದ್ದದ್ದು, ಕಾಂಕ್ರೀಟಿಗೆ ನೀರು ಹೊಡೆಯುವಾಗ ಅದೇ ಪೈಪಿನಿಂದ ತಲೆ ತೋಯಿಸಿಕೊಂಡದ್ದು, ತಾವು ಬಂದಾಗ ಮೂರು ಮಹಡಿಯಿದ್ದದ್ದು ಹೊರಡುವಾಗ ಐದಾದದ್ದು, ಮೇಸ್ತ್ರಿ ವಾರದ ಪಗಾರದಲ್ಲಿ ಒಂದು ದಿನದ್ದು ಮುರಿದುಕೊಂಡಾಗ ಅವ್ವ ಆಡಿದ ಮಾತು. ಕೊನೆಯ ಎರಡು ವಾಕ್ಯ ಹೀಗಿದ್ದವು: 'ಶಾಲೆ ಸುರುವಾಗಿ ಹದಿನಾಲ್ಕು ದಿನ ಆದ ಮೇಲೆ ಬಂದೆವು. ಹಾಜರಿಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೆರೆ ಇತ್ತು.' ಉಪಸಂಹಾರವೂ ಇಲ್ಲ. ಕಾಗುಣಿತದ ತಪ್ಪು ಎಣಿಸಿದರೆ ಹದಿನೇಳು.

ಹೆಸರು, ರೋಲ್ ನಂಬರ್ ಮುಚ್ಚಿ ಅದರ ಜೆರಾಕ್ಸ್ ಮಾಡಿಸಿ ಮೂವರಿಗೆ ಕೊಟ್ಟೆ. ಕೋಷ್ಟಕ ನೋಡದೆ, ಎಂದಿನ ಹಾಗೆ ಇಪ್ಪತ್ತಕ್ಕೆ ಅಂಕ ಹಾಕಿ ಎಂದೆ. ಅದೇ ಶಾಲೆಯ ಕನ್ನಡ ಮೇಡಂ 9 ಕೊಟ್ಟರು. ಸಮಾಜ ವಿಜ್ಞಾನದ ಸರ್ 16. ಪಕ್ಕದ ಊರಿನ ಶಾಲೆಯ ಇನ್ನೊಬ್ಬ ಕನ್ನಡ ಶಿಕ್ಷಕರು 12. ಮೂವರೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಪಾಠ ಮಾಡಿದವರು, ಮೂವರೂ ಓದಿ ಅಂಕ ಹಾಕಿದವರು.

'ಇದಕ್ಕ ಒಂಬತ್ತಕ್ಕಿಂತ ಜಾಸ್ತಿ ಹ್ಯಾಂಗ ಕೊಡ್ತೀರಿ ಸರ್? ಸಾಲಿಗೊಂದು ತಪ್ಪು ಐತಿ' ಎಂದರು ಮೇಡಂ.

'ಮೇಡಂ, ತಪ್ಪು ನನಗೂ ಕಂಡಾವ್ರಿ. ಆದ್ರ ಅರವತ್ತೆರಡು ಪೇಪರಿನ್ಯಾಗ ನನಗ ನೆನಪು ಉಳಿದದ್ದು ಇದೊಂದೇ' ಎಂದರು ಸಮಾಜದ ಸರ್.

ಈ ಜಗಳ ಹೊಸದಲ್ಲ. ಆದರೆ ಬಹಳ ಕಾಲ ಅದು ಯಾರಿಗೂ ಕಾಣುತ್ತಿರಲಿಲ್ಲ, ಏಕೆಂದರೆ ಒಂದು ಉತ್ತರಪತ್ರಿಕೆಯನ್ನು ಒಬ್ಬರೇ ನೋಡುತ್ತಿದ್ದರು. ವಡಗೇರಾದಲ್ಲಿ ನಾನು ಮಾತಾಡಿಸಿದ, ತೊಂಬತ್ತರ ಹತ್ತಿರದ ಅಜ್ಜ ಒಬ್ಬರು ಓದಿದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಆಡುವ ಹುಡುಗರು ಪ್ರಬಂಧವನ್ನು ಉರ್ದುವಿನಲ್ಲಿ ಬರೆಯಬೇಕಿತ್ತು. ಅಜ್ಜ ಈಗಲೂ ಪ್ರಬಂಧಕ್ಕೆ 'ಮಜಮೂನ' ಎನ್ನುತ್ತಾರೆ. 'ಮಾಸ್ತರು ಕೆಳಗ ಒಂದು ನಂಬರ್ ಹಾಕ್ತಿದ್ರು ನೋಡಪ. ಯಾಕ ಇಷ್ಟ ಅಂತ ಕೇಳೋ ಮಾತೇ ಇರಲಿಲ್ಲ' ಎಂದರು. 1948ರಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು, ಪ್ರಬಂಧದ ಭಾಷೆ ಕನ್ನಡವಾಯಿತು. ಕೆಳಗಿನ ಒಂಟಿ ನಂಬರು ಮಾತ್ರ ಹಾಗೇ ಉಳಿಯಿತು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗಲೂ ಪ್ರಬಂಧದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಅಂಕಿ, ಅದರಡಿ ಒಂದು ಗೀಟು, ಅಷ್ಟೇ ಇರುತ್ತಿತ್ತು.

ಆ ಒಂಟಿ ನಂಬರಿನ ಮೇಲೆ ಮೊದಮೊದಲು ದೊಡ್ಡ ಮಟ್ಟದಲ್ಲಿ ಅನುಮಾನಪಟ್ಟವರಲ್ಲಿ ಒಬ್ಬರಿಗೆ ನಮ್ಮ ಉಪಖಂಡದ ನಂಟಿತ್ತು. ಫಿಲಿಪ್ ಹಾರ್ಟಾಗ್ ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿ. 1929ರಲ್ಲಿ ಭಾರತದ ಶಿಕ್ಷಣದ ಬಗ್ಗೆ ವರದಿ ಕೊಟ್ಟ ಹಾರ್ಟಾಗ್ ಸಮಿತಿ ಅವರದೇ. ಇಂಗ್ಲೆಂಡಿಗೆ ಮರಳಿದ ಮೇಲೆ ಇ. ಸಿ. ರೋಡ್ಸ್ ಜೊತೆ ಸೇರಿ ಅವರು ಪರೀಕ್ಷೆಗಳನ್ನೇ ಪರೀಕ್ಷೆಗೆ ಒಡ್ಡಿದರು. 1935ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಒಂದು ನನ್ನ ವಿಷಯಕ್ಕೆ ಸೇರಿದ್ದು, ಇತಿಹಾಸದ ಉತ್ತರಪತ್ರಿಕೆಗಳದ್ದು. ಶಾಲಾಂತ್ಯ ಪರೀಕ್ಷೆಯಲ್ಲಿ ಒಂದೇ ಸಮನಾದ ಸಾಧಾರಣ ಅಂಕ ಪಡೆದಿದ್ದ 15 ಪತ್ರಿಕೆಗಳನ್ನು ಆರಿಸಿ ಅನುಭವಿ ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು, ಅದೇ ಪತ್ರಿಕೆಗಳನ್ನು ಹಳೆಯ ಅಂಕ ತೋರಿಸದೆ ಅವರಲ್ಲಿ 14 ಮಂದಿಗೆ ಮತ್ತೆ ಕೊಟ್ಟರು. ಒಟ್ಟು 210 ತೀರ್ಪುಗಳು. ಪಾಸು, ಫೇಲು, ಮೇಲ್ದರ್ಜೆ ಎಂಬ ತೀರ್ಪು 92 ಸಲ ಬದಲಾಗಿತ್ತು. ಒಬ್ಬರಿಗೂ ಇನ್ನೊಬ್ಬರಿಗೂ ಹೊಂದದಿರುವುದು ಒಂದು ಮಾತು. ಇಲ್ಲಿ ಒಬ್ಬರೇ ಪರೀಕ್ಷಕರು ತಮ್ಮ ಹಳೆಯ ತೀರ್ಪಿಗೇ ಹೊಂದಿರಲಿಲ್ಲ. ಈ ಭಾಗ ಓದಿದ ದಿನ ನಾನು ಬಹಳ ಹೊತ್ತು ಗ್ರಂಥಾಲಯದಲ್ಲಿ ಸುಮ್ಮನೆ ಕೂತಿದ್ದೆ. ಪಿಯುಸಿಯಲ್ಲಿ ನಾನು ತೆಗೆದ ಇತಿಹಾಸದ ಅಂಕಗಳು ನೆನಪಾಗುತ್ತಿದ್ದವು.

ಹಾರ್ಟಾಗ್ ಗುಂಪು ತೋರಿಸಿದ್ದು ವ್ಯತ್ಯಾಸವನ್ನು. ಅದು ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಉತ್ತರ ಬಂದದ್ದು 1961ರಲ್ಲಿ, ಅಮೆರಿಕದ ಪರೀಕ್ಷಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಪಾಲ್ ಡೀಡರಿಕ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳಿಂದ. ಅವರು ಕಾಲೇಜಿಗೆ ಹೊಸದಾಗಿ ಸೇರಿದವರು ಬರೆದ 300 ಪ್ರಬಂಧಗಳನ್ನು 53 ಮಂದಿಗೆ ಓದಲು ಕೊಟ್ಟರು. ಓದಿದವರಲ್ಲಿ ಇಂಗ್ಲಿಷ್ ಅಧ್ಯಾಪಕರಿದ್ದರು, ವಿಜ್ಞಾನದವರಿದ್ದರು, ವಕೀಲರು, ಸಂಪಾದಕರು, ವ್ಯಾಪಾರದವರೂ ಇದ್ದರು. ಯಾವ ಮಾನದಂಡವನ್ನೂ ಕೊಡಲಿಲ್ಲ. ಒಟ್ಟು ಯೋಗ್ಯತೆ ನೋಡಿ ಒಂಬತ್ತು ಗುಡ್ಡೆ ಮಾಡಿ ಎಂದರು. ನೂರಕ್ಕೆ 94 ಪ್ರಬಂಧಗಳು ಒಂಬತ್ತರಲ್ಲಿ ಏಳು, ಎಂಟು ಅಥವಾ ಒಂಬತ್ತೂ ಬೇರೆಬೇರೆ ಗುಡ್ಡೆಗಳಿಗೆ ಹೋಗಿ ಬಿದ್ದಿದ್ದವು.

ಇಷ್ಟಕ್ಕೇ ಬಿಟ್ಟಿದ್ದರೆ ಅದು ಇನ್ನೊಂದು ನಿರಾಶೆಯ ವರದಿಯಾಗುತ್ತಿತ್ತು. ಡೀಡರಿಕ್ ಮುಂದೆ ಹೋದರು. ಯಾರ ತೀರ್ಪು ಯಾರ ತೀರ್ಪಿಗೆ ಹತ್ತಿರವಿದೆ ಎಂದು ಲೆಕ್ಕ ಹಾಕಿ, ಓದುಗರು ಐದು ಪಂಗಡಗಳಾಗಿ ಒಡೆಯುತ್ತಾರೆ ಎಂದು ಕಂಡುಕೊಂಡರು. ಒಂದು ಪಂಗಡ ಎಲ್ಲಕ್ಕಿಂತ ಮೊದಲು ವಿಚಾರವನ್ನು ನೋಡುತ್ತಿತ್ತು. ಒಂದು ವ್ಯಾಕರಣ, ಕಾಗುಣಿತ, ಚಿಹ್ನೆಗಳ ತಪ್ಪುಗಳನ್ನು. ಒಂದು ಜೋಡಣೆಯನ್ನು, ಒಂದು ಪದಗಳ ಬಳಕೆಯನ್ನು, ಇನ್ನೊಂದು ಬರೆದವರ ತನವನ್ನು, ಅಂದರೆ ಬರಹಕ್ಕೆ ಇರುವ ಸ್ವಂತ ರುಚಿಯನ್ನು. ಈ ಸಾಲುಗಳನ್ನೇ ಹಿಂಜಿ ಡೀಡರಿಕ್ ಮುಂದೆ ಶಾಲೆಗಳಿಗೆ ಒಂದು ಕೋಷ್ಟಕ ಕೊಟ್ಟರು. ಒಟ್ಟು 50 ಅಂಕ. ವಿಚಾರಕ್ಕೆ 10, ಜೋಡಣೆಗೆ 10. ಪದಬಳಕೆ, ಬರಹದ ರುಚಿ, ವ್ಯಾಕರಣ, ಚಿಹ್ನೆ, ಕಾಗುಣಿತ, ಅಕ್ಷರ ಇವಕ್ಕೆ ತಲಾ 5. ಇಂದು ನಾವು ನೋಡುವ ಪ್ರಬಂಧದ ಅಂಕಕೋಷ್ಟಕಗಳ ಹತ್ತಿರದ ಪೂರ್ವಜ ಅದು. ಅಂದರೆ ಕೋಷ್ಟಕದ ಒಂದೊಂದು ಸಾಲೂ ಮೂಲದಲ್ಲಿ ಒಂದೊಂದು ಬಗೆಯ ಓದುಗ. ಎಷ್ಟು ಅಂಕ ಯಾವ ಸಾಲಿಗೆ ಎನ್ನುವುದು, ಯಾವ ಓದುಗನ ಮಾತು ಎಷ್ಟು ನಡೆಯಬೇಕು ಎಂಬ ತೀರ್ಮಾನ.

('ರೂಬ್ರಿಕ್' ಪದದ ಮೂಲ ಲ್ಯಾಟಿನ್ ಭಾಷೆಯ ಕೆಂಪು. ಯುರೋಪಿನ ಹಸ್ತಪ್ರತಿಗಳಲ್ಲಿ ತಲೆಬರಹಗಳನ್ನೂ, ಪ್ರಾರ್ಥನಾ ಪುಸ್ತಕಗಳಲ್ಲಿ ಪಾದ್ರಿ ಯಾವಾಗ ಏನು ಮಾಡಬೇಕೆಂಬ ಸೂಚನೆಗಳನ್ನೂ ಕೆಂಪಿನಲ್ಲಿ ಬರೆಯುತ್ತಿದ್ದರು. ಕೆಂಪು ಶಾಯಿಯ ನಮ್ಮ ಮಾಸ್ತರರಿಗೂ ಈ ಪದಕ್ಕೂ ನೇರ ನಂಟಿಲ್ಲ, ಆದರೂ ಹೊಂದುತ್ತದೆ.)

ನಮ್ಮ ಶಾಲೆಗಳಿಗೆ ಈ ಕೋಷ್ಟಕ ಬಂದದ್ದು ತೀರ ಈಚೆಗೆ. 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಮಗುವಿನ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಆಗಬೇಕೆಂದಿತು. ರೂಪಣಾತ್ಮಕ, ಸಂಕಲನಾತ್ಮಕ ಎಂಬ ಪದಗಳು ಶಿಕ್ಷಕರ ಕೋಣೆಗೆ ಬಂದವು. ಬರೀ ಅಂಕ ಸಾಲದು, ಯಾವುದಕ್ಕೆ ಎಂಬ ದಾಖಲೆ ಬೇಕು ಎಂದಾಯಿತು. ದಾಖಲೆ ಬೇಕಾದಾಗ ಕೋಷ್ಟಕ ಅನುಕೂಲ. ಹೀಗೆ ಡೀಡರಿಕ್ ಕುಲದ ಒಂದು ಹಾಳೆ, ತರ್ಜುಮೆಯ ತರ್ಜುಮೆಯಾಗಿ, ಭೀಮಾ ಕೃಷ್ಣೆಯರ ನಡುವಿನ ಈ ಊರುಗಳ ಕಪಾಟುಗಳಿಗೂ ಬಂದು ಅಂಟಿಕೊಂಡಿತು.

ಈಗ ಆ ಹಾಳೆಯ ಕಡೆ ಬರೋಣ. ಅದರಲ್ಲಿದ್ದ ನಾಲ್ಕು ಸಾಲು: ಪೀಠಿಕೆ ಮತ್ತು ಉಪಸಂಹಾರ, ವಿಷಯ ನಿರೂಪಣೆ, ದೋಷರಹಿತ ಭಾಷೆ ಮತ್ತು ಶೈಲಿ, ಕಾಗುಣಿತ ಮತ್ತು ಅಂದವಾದ ಬರಹ. ಹಂತಗಳು ಅತ್ಯುತ್ತಮ, ಉತ್ತಮ, ಸಾಧಾರಣ, ಸುಧಾರಣೆ ಬೇಕು. ಅವಕ್ಕೆ 5, 4, 3, 1. ಒಟ್ಟು 20. ಎರಡು ವಾರ ಬಿಟ್ಟು ಅದೇ ಮೂವರಿಗೆ, ಬೇರೆ ಹತ್ತು ಪ್ರಬಂಧಗಳ ನಡುವೆ ಸೇರಿಸಿ, ಅದೇ ಪ್ರಬಂಧ ಕೊಟ್ಟು ಈ ಹಾಳೆಯ ಪ್ರಕಾರ ಅಂಕ ಹಾಕಿಸಿದೆ. ಮೇಡಂ 1, 3, 3, 1 ಸೇರಿ 8. ಸಮಾಜದ ಸರ್ 3, 4, 3, 1 ಸೇರಿ 11. ಮೂರನೆಯವರು 1, 4, 3, 1 ಸೇರಿ 9.

ಮೊದಲು 9ರಿಂದ 16ರವರೆಗೆ ಏಳು ಅಂಕಗಳ ಅಂತರವಿತ್ತು, ಈಗ ಮೂರಕ್ಕೆ ಇಳಿಯಿತು. ತರಬೇತಿಯವರು ಇದನ್ನು ನೋಡಿದರೆ ಖುಷಿಪಡುತ್ತಾರೆ. ನಾನೂ ಮೊದಲು ಖುಷಿಪಟ್ಟೆ. ಆಮೇಲೆ ಅದೇ ಕಟ್ಟಿನಲ್ಲಿದ್ದ ಒಬ್ಬ ಹುಡುಗನ ಪ್ರಬಂಧಕ್ಕೆ ಮೇಡಂ ಕೊಟ್ಟ ಅಂಕ ನೋಡಿದೆ. 5, 4, 5, 4, ಒಟ್ಟು 18. ವಿದ್ಯಾರ್ಥಿ ಜೀವನದಲ್ಲಿ ರಜೆಯ ಮಹತ್ವ, ರಜೆಯ ಸದುಪಯೋಗ, ಕೊನೆಗೆ ಕಾಲ ಅಮೂಲ್ಯ ಎಂಬ ಉಪಸಂಹಾರ. ಗೈಡಿನಿಂದ ಬಾಯಿಪಾಠ ಮಾಡಿದ್ದು. ಅಕ್ಷರ ಮುತ್ತಿನಂತಿತ್ತು. ಆದರೆ ಹುಡುಗ ರಜೆಯಲ್ಲಿ ಎಲ್ಲಿಗೆ ಹೋದ, ಏನು ಮಾಡಿದ ಎಂಬುದು ಇಡೀ ಪ್ರಬಂಧದಲ್ಲಿ ಎಲ್ಲೂ ಇರಲಿಲ್ಲ.

ಮೂವರು ಒಪ್ಪಿದ್ದರು, ಆದರೆ ಕೋಷ್ಟಕ ಎಳೆದ ಕಡೆಗೆ ಒಪ್ಪಿದ್ದರು. ಹುಡುಗಿಯ ಪ್ರಬಂಧದಲ್ಲಿ ಸಮಾಜದ ಸರ್ ಕಂಡದ್ದನ್ನು ಹಾಕಲು ಆ ಹಾಳೆಯಲ್ಲಿ ಮನೆಯೇ ಇರಲಿಲ್ಲ. ಅವರ 16 ಹನ್ನೊಂದಾದದ್ದು ಅವರ ಅಭಿಪ್ರಾಯ ಬದಲಾಗಿ ಅಲ್ಲ. ಇನ್ನೂ ಒಂದು ಸೂಕ್ಷ್ಮವಿತ್ತು. 'ದೋಷರಹಿತ ಭಾಷೆ' ಎಂಬ ಮೂರನೇ ಸಾಲೂ 'ಕಾಗುಣಿತ' ಎಂಬ ನಾಲ್ಕನೇ ಸಾಲೂ ಅದೇ ಹದಿನೇಳು ತಪ್ಪುಗಳನ್ನು ಎರಡೆರಡು ಸಲ ಎಣಿಸುತ್ತಿದ್ದವು. ಪೀಠಿಕೆ, ಉಪಸಂಹಾರಗಳ ಸಾಲಂತೂ ಬರಹದ ಗುಣವನ್ನು ಅಳೆಯುತ್ತಲೇ ಇರಲಿಲ್ಲ, ಎರಡು ಪ್ಯಾರಾ ಇವೆಯೋ ಇಲ್ಲವೋ ಎಂದು ನೋಡುತ್ತಿತ್ತು. ಇಪ್ಪತ್ತರಲ್ಲಿ ಹದಿನೈದು ಅಂಕ ಹೀಗೆ ಬಾಯಿಪಾಠದವನ ಕಡೆಗೇ ವಾಲಿತ್ತು. ಕೋಷ್ಟಕವೊಂದು ಕೆಟ್ಟಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ: ಗೈಡಿನ ಪ್ರಬಂಧವೊಂದನ್ನು ಅದರೊಳಗೆ ಹಾಕಿ ಎಷ್ಟು ಬರುತ್ತದೆ ನೋಡುವುದು.

ನಾಲ್ವರೂ ಕೂತು ಹಾಳೆಯನ್ನು ಮತ್ತೆ ಬರೆದೆವು. ಮೂರು ಸಂಜೆ ಹಿಡಿಯಿತು. 'ಅತ್ಯುತ್ತಮ', 'ಉತ್ತಮ' ಎಂಬ ಪದಗಳನ್ನು ಮೊದಲು ತೆಗೆದೆವು, ಏಕೆಂದರೆ ಅವು ಅಂಕದ ಇನ್ನೊಂದು ಹೆಸರು, ಅಂಕಕ್ಕೆ ಕಾರಣ ಹೇಳುವುದಿಲ್ಲ. ಪ್ರತಿ ಮನೆಯಲ್ಲೂ ಕಾಗದದ ಮೇಲೆ ಬೆರಳಿಟ್ಟು ತೋರಿಸಬಹುದಾದದ್ದನ್ನೇ ಬರೆಯಬೇಕು ಎಂದು ಕಟ್ಟು ಹಾಕಿಕೊಂಡೆವು.

| ಮಾನದಂಡ | ಹಂತ 4 | ಹಂತ 3 | ಹಂತ 2 | ಹಂತ 1 |
|---|---|---|---|---|
| ವಿಷಯ | ತಾನೇ ಕಂಡ, ಕೇಳಿದ ಮೂರು ಅಥವಾ ಹೆಚ್ಚು ವಿವರಗಳು, ಎಲ್ಲ ಸೇರಿ ಒಂದು ಮಾತು ಹೇಳುತ್ತವೆ (8) | ಸ್ವಂತ ವಿವರಗಳಿವೆ, ಒಂದಕ್ಕೊಂದು ಕೂಡಿಲ್ಲ (6) | ಒಂದೆರಡು ಸ್ವಂತ ವಿವರ, ಉಳಿದದ್ದು ಎಲ್ಲರೂ ಬರೆಯುವ ಮಾತು (4) | ಯಾರು ಬರೆದರೂ ಹೀಗೇ ಇರುತ್ತಿತ್ತು (2) |
| ಜೋಡಣೆ | ಹಿಂದಿನ ಪ್ಯಾರಾದಿಂದ ಮುಂದಿನದು ಹುಟ್ಟುತ್ತದೆ (4) | ಕ್ರಮವಿದೆ, ಒಂದು ಕಡೆ ಜಿಗಿದಿದೆ (3) | ಒಂದೇ ಮಾತು ಮತ್ತೆ ಮತ್ತೆ ಬಂದಿದೆ (2) | ವಾಕ್ಯಗಳ ಸ್ಥಾನ ಬದಲಿಸಿದರೂ ವ್ಯತ್ಯಾಸವಿಲ್ಲ (1) |
| ವಾಕ್ಯ, ಪದ | ವಾಕ್ಯಗಳು ಪೂರ್ಣ, ಪದಗಳು ತಕ್ಕವು (4) | ಅರ್ಥ ಸ್ಪಷ್ಟ, ಒಂದೆರಡು ವಾಕ್ಯ ಅಪೂರ್ಣ (3) | ಎರಡನೇ ಸಲ ಓದಬೇಕಾಗುತ್ತದೆ (2) | ಓದಿದರೂ ಅರ್ಥವಾಗುವುದಿಲ್ಲ (1) |
| ಕಾಗುಣಿತ | ಪುಟಕ್ಕೆ 2 ತಪ್ಪಿನೊಳಗೆ (4) | 3ರಿಂದ 5 (3) | 6ರಿಂದ 9 (2) | 10 ಅಥವಾ ಹೆಚ್ಚು (1) |

ಎಣಿಸಬಹುದಾದ ಕಾಗುಣಿತದ ಸಾಲು ಎಲ್ಲಕ್ಕಿಂತ ಸುಲಭ ಎಂದುಕೊಂಡಿದ್ದೆವು. ಅಲ್ಲಿಯೇ ಮೊದಲು ಸಿಕ್ಕಿಬಿದ್ದೆವು. ಹುಡುಗಿ 'ಶೆಡ್' ಎಂಬುದನ್ನು ಬಂದಲ್ಲೆಲ್ಲ 'ಸೆಡ್' ಎಂದು ಬರೆದಿದ್ದಳು. ಅದು ಒಂದು ತಪ್ಪೋ, ಬಂದಷ್ಟು ತಪ್ಪೋ? ಗೊತ್ತಿಲ್ಲದ್ದು ಒಂದೇ ಸಂಗತಿ, ಆದ್ದರಿಂದ ಒಂದೇ ತಪ್ಪು ಎಂದು ತೀರ್ಮಾನವಾಯಿತು. ಹದಿನೇಳು ಹನ್ನೆರಡಾಯಿತು. ಒಂದೂವರೆ ಪುಟಕ್ಕೆ ಹನ್ನೆರಡು, ಅಂದರೆ ಪುಟಕ್ಕೆ ಎಂಟು. ಒಂದನೇ ಹಂತದಿಂದ ಎರಡಕ್ಕೆ ಏರಿದಳು.

ನಿಜವಾದ ಚರ್ಚೆ ನಡೆದದ್ದು 'ಐತಿ', 'ಹೋಗ್ಯಾರ' ಎಂಬ ರೂಪಗಳ ಬಗ್ಗೆ. ನಾನು ಅವು ತಪ್ಪಲ್ಲ, ನಮ್ಮ ಭಾಗದ ಕನ್ನಡ ಎಂದೆ. ಮೇಡಂ ಒಪ್ಪಲಿಲ್ಲ. 'ನೀವು ಪಿಎಚ್.ಡಿ. ಮಾಡಾಕ ಹತ್ತೀರಿ, ನಿಮಗ ಚಂದ ಕಾಣತೈತಿ. ನಾಳೆ ಹತ್ತನೇತ್ತ ಪರೀಕ್ಷಾದಾಗ ಪೇಪರ್ ಎಲ್ಲಿ ಹೋಗ್ತದ, ಯಾರ ಕೈಯಾಗ ಸಿಗ್ತದ ಗೊತ್ತೈತೇನು? ಆಗ ಈ ಹುಡುಗಿ ಪರ ಮಾತಾಡಾಕ ನೀವು ಇರ್ತೀರೇನು?' ನನ್ನಲ್ಲಿ ಉತ್ತರವಿರಲಿಲ್ಲ. ಅವರ ಕಟ್ಟುನಿಟ್ಟು ಹುಡುಗಿಯ ಮೇಲಿನ ಕಾಳಜಿಯೇ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಕೊನೆಗೆ ಒಂದು ನಡುವಿನ ದಾರಿ ಹಿಡಿದೆವು. ಯಾರಾದರೂ ಆಡಿದ ಮಾತನ್ನು ಹಾಗೇ ಬರೆದಿದ್ದರೆ ಅದು ತಪ್ಪಲ್ಲ, ಬರೆಯುವವರ ಸ್ವಂತ ನಿರೂಪಣೆಯಲ್ಲಿ ಬಂದರೆ ಅಡಿಗೆರೆ ಎಳೆದು 'ವಾಕ್ಯ, ಪದ'ದ ಸಾಲಿನಲ್ಲಿ ಮಾತ್ರ ಒಂದು ಸಲ ಲೆಕ್ಕಕ್ಕೆ ಹಿಡಿಯುವುದು. ನನಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಮೇಡಂಗೂ ಇಲ್ಲ.

ಹೊಸ ಹಾಳೆಯಲ್ಲಿ ಸಮಾಜದ ಸರ್ ಹುಡುಗಿಗೆ ಕೊಟ್ಟದ್ದು 8, 3, 3, 2, ಒಟ್ಟು 16. ಮೇಡಂ 6, 3, 3, 2, ಒಟ್ಟು 14. ಮೂರನೆಯವರು 8, 2, 3, 2, ಒಟ್ಟು 15. ಹಳೆಯ ಹಾಳೆಯ ಮೂರಂಕದ ಅಂತರ ಈಗ ಎರಡು, ಆದರೆ ಬೇರೆ ಎತ್ತರದಲ್ಲಿ. ಬಾಯಿಪಾಠದ ಹುಡುಗನಿಗೆ ಮೇಡಂ 2, 3, 4, 4 ಹಾಕಿದರು, ಒಟ್ಟು 13. ಅವನಿಗೆ ಅನ್ಯಾಯವಾಯಿತೇ ಎಂದು ಅವರೇ ಕೇಳಿದರು. ವಾಕ್ಯಕ್ಕೂ ಕಾಗುಣಿತಕ್ಕೂ ಅವನಿಗೆ ಪೂರ್ತಿ ಅಂಕ ಸಿಕ್ಕಿದೆ, ಎಲ್ಲಿ ಕಡಿಮೆಯಾಯಿತೆಂದು ಅವನಿಗೆ ತೋರಿಸಬಹುದು, ಹಳೆಯ 18ರಲ್ಲಿ ಅದು ಆಗುತ್ತಿರಲಿಲ್ಲ ಎಂದೆ.

ಬಳಸುತ್ತಾ ಹೋದಂತೆ ಬೇರೆ ತೊಡಕುಗಳು ಕಂಡವು. ಮೊದಲ ಸಾಲಿನ ನೆರಳು ಉಳಿದ ಸಾಲುಗಳ ಮೇಲೆ ಬೀಳುತ್ತದೆ. ವಿಷಯಕ್ಕೆ 8 ಕೊಟ್ಟ ಕೈ ಜೋಡಣೆಗೂ 4 ಕೊಡಲು ಹೋಗುತ್ತದೆ. ಒಬ್ಬರ ಅಂಕಪಟ್ಟಿಯಲ್ಲಿ ನಾಲ್ಕೂ ಸಾಲುಗಳು ಯಾವಾಗಲೂ ಒಂದೇ ಹಂತದಲ್ಲಿದ್ದರೆ ಹಾಗಾಗಿದೆ ಎಂದೇ ಅರ್ಥ. ಇಡೀ ಕಟ್ಟಿಗೆ ಮೊದಲು ಒಂದು ಸಾಲು, ಆಮೇಲೆ ಇನ್ನೊಂದು ಸಾಲು ಎಂದು ನೋಡಿದರೆ ಇದು ಕಡಿಮೆಯಾಗುತ್ತದೆ, ಆದರೆ ಸಮಯ? ಮೊದಲು ಒಂದು ಪ್ರಬಂಧಕ್ಕೆ ಮೂರು ನಿಮಿಷ ಸಾಕಾಗುತ್ತಿತ್ತು, ಈಗ ಏಳು. ಅರವತ್ತೆರಡು ಮಕ್ಕಳಿಗೆ ಏಳು ಗಂಟೆ ದಾಟುತ್ತದೆ. ಮೇಡಂ ಅದಕ್ಕೆ ವರ್ಷದಲ್ಲಿ ಎರಡು ಪ್ರಬಂಧಕ್ಕೆ ಮಾತ್ರ ಈ ಹಾಳೆ, ಉಳಿದವಕ್ಕೆ ಒಂದೇ ಸಾಲು ನೋಡುವುದು ಎಂದು ಇಟ್ಟುಕೊಂಡಿದ್ದಾರೆ. ಈ ತಿಂಗಳು ಜೋಡಣೆ, ಮುಂದಿನ ತಿಂಗಳು ಕಾಗುಣಿತ.

ಇನ್ನೊಂದು ತೊಡಕು ಕೋಷ್ಟಕದಿಂದಲೇ ಬಗೆಹರಿಯುವಂಥದ್ದಲ್ಲ. 'ಎಲ್ಲ ಸೇರಿ ಒಂದು ಮಾತು ಹೇಳುತ್ತವೆ' ಎಂದರೆ ಎಷ್ಟು ಸೇರಬೇಕು? ಮೇಡಂ 6 ಕೊಟ್ಟದ್ದೂ ಉಳಿದಿಬ್ಬರು 8 ಕೊಟ್ಟದ್ದೂ ಈ ಮಾತಿನ ಮೇಲೆಯೇ. ಇದಕ್ಕೆ ಒಂದು ಹಳೆಯ ಉಪಾಯವಿದೆ. 1912ರಲ್ಲಿ ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನಿಂದ ಮಿಲೊ ಹಿಲೆಗಾಸ್ ಪ್ರಕಟಿಸಿದ ಅಳತೆಗೋಲಿನಲ್ಲಿ ವಿವರಣೆಯೇ ಇರಲಿಲ್ಲ, ತೀರ ಕಳಪೆಯಿಂದ ಒಳ್ಳೆಯದರವರೆಗೆ ಜೋಡಿಸಿದ ಮಾದರಿ ಪ್ರಬಂಧಗಳಿದ್ದವು. ಕೈಲಿರುವ ಪ್ರಬಂಧವನ್ನು ಒಂದೊಂದರ ಪಕ್ಕ ಇಟ್ಟು ಯಾವುದಕ್ಕೆ ಹತ್ತಿರ ಎಂದು ನೋಡಬೇಕು. ಬಂಗಾರವನ್ನು ಒರೆಗೆ ಹಚ್ಚಿದ ಹಾಗೆ. ಕೋಷ್ಟಕಗಳು ಬಂದ ಮೇಲೂ ದೊಡ್ಡ ಪರೀಕ್ಷೆಗಳಲ್ಲಿ ಮೌಲ್ಯಮಾಪಕರಿಗೆ ಇಂಥ ಮಾದರಿಗಳನ್ನು ಕೊಡುವುದು ನಿಂತಿಲ್ಲ.

ನಾವೂ ವಿಷಯದ ಸಾಲಿನ ನಾಲ್ಕು ಹಂತಕ್ಕೆ ನಾಲ್ಕು ಪ್ರಬಂಧ ಆರಿಸಿ ಒಂದು ಫೈಲಿನಲ್ಲಿ ಇಡೋಣ ಎಂದುಕೊಂಡೆವು. ನಾಲ್ಕನೇ ಹಂತಕ್ಕೆ ಈ ಹುಡುಗಿಯದೇ ಇರಲಿ ಎಂದದ್ದು, ಅಚ್ಚರಿಯೆಂದರೆ, ಮೇಡಂ. 'ನಾನು ಆರು ಕೊಟ್ಟಿದ್ದು ಖರೆ. ಆದ್ರ ಪಕ್ಕಕ್ಕ ಇನ್ನೊಂದು ಇಟ್ಟು ನೋಡಿದ್ರ ಇದೇ ಮ್ಯಾಲ ಐತಿ' ಎಂದರು. ಇಡಬೇಕಾದರೆ ಬರೆದವಳನ್ನು ಕೇಳಬೇಕಲ್ಲ, ಅವಳನ್ನು ಕರೆಸಿದರು. ಹುಡುಗಿ ತನ್ನ ಹಾಳೆಯನ್ನೂ ಅದರ ಪಕ್ಕದಲ್ಲಿದ್ದ ಕೋಷ್ಟಕವನ್ನೂ ಬಹಳ ಹೊತ್ತು ನೋಡಿದಳು. ಕಾಗುಣಿತದ ಸಾಲಿನ ಮೇಲೆ ಬೆರಳಿಟ್ಟು, 'ಇಲ್ಲಿ ಎರಡು ಐತ್ರಿ ಮೇಡಂ. ತಿದ್ದಿ ಬರಕೊಂಡು ಬರ್ತೀನ್ರಿ, ಆಮ್ಯಾಲೆ ಇಡ್ರಿ' ಎಂದಳು.

ಮರುದಿನ ತಂದುಕೊಟ್ಟ ಪ್ರತಿಯಲ್ಲಿ ಹನ್ನೆರಡು ಪದಗಳೂ ಸರಿಯಾಗಿದ್ದವು. ನಿರೂಪಣೆಯ 'ಐತಿ'ಗಳು 'ಇದೆ' ಆಗಿದ್ದವು. ಅವ್ವ ಮೇಸ್ತ್ರಿಗೆ ಆಡಿದ ಮಾತು ಮಾತ್ರ ಒಂದಕ್ಷರವೂ ಬದಲಾಗದೆ ಹಾಗೇ ಇತ್ತು. ಫೈಲಿನಲ್ಲಿ ಎರಡೂ ಪ್ರತಿಗಳನ್ನು ಇಟ್ಟಿದ್ದಾರೆ.